ರಾತ್ರಿಯೇ ಎಂಆರ್‌ಐ ಆಗುವಂತೆ ಕೇಸ್ ಶೀಟ್ ಬರೆಯುವುದು: ನನ್ನ ಅನುಭವ

ಸೊಂಟನೋವಿನ ರೋಗಿಗೆ ರಾತ್ರಿ ಹೊತ್ತು ಎಂಆರ್‌ಐ ಮಾಡಿಸುವುದು ಶಿರಸಿಯಿಂದ ಆಗುವ ಕೆಲಸವಲ್ಲ ಎಂದು ನನ್ನ ಜೊತೆಯವರು ಬಹಳ ಕಾಲ ಹೇಳುತ್ತಿದ್ದರು. ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಸ್ಕ್ಯಾನರ್ ಇಲ್ಲ, ಹುಬ್ಬಳ್ಳಿ ಹೆಚ್ಚುಕಡಿಮೆ ನೂರು ಕಿಲೋಮೀಟರ್. "ಸಯಾಟಿಕಾಕ್ಕೆಲ್ಲ ಹೀಗೆ ಓಡಿಸಿದರೆ ಜನ ಆಂಬುಲೆನ್ಸ್ ಬಾಡಿಗೆಗೆ ತೋಟ ಮಾರಬೇಕಾದೀತು" ಎಂದು ಹಿರಿಯರೊಬ್ಬರು ಸಭೆಯಲ್ಲೇ ಹೇಳಿದರು. ಈಗ ಎರಡು ಮಳೆಗಾಲ ಕಳೆದಿವೆ. ಕಾಡಾ ಈಕ್ವೈನಾ, ಅಂದರೆ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಅದುಮಿಕೊಂಡು ಮೂತ್ರದ ಹಿಡಿತ ತಪ್ಪಬಹುದಾದ ಸ್ಥಿತಿ, ಎಂದು ಸಂಶಯಪಟ್ಟು ಕಳಿಸಿದವರಲ್ಲಿ ಹೆಚ್ಚಿನವರಿಗೆ ಅದೇ ರಾತ್ರಿ ಸ್ಕ್ಯಾನ್ ಆಗುತ್ತಿದೆ. ಆಂಬುಲೆನ್ಸ್ ಅದೇ, ರಸ್ತೆಯೂ ಅದೇ. ಬದಲಾದದ್ದು ಫೋನ್ ಎತ್ತುವ ಮೊದಲು ನಾನು ಬರೆಯುವ ಒಂದು ಹಾಳೆ.

ಮೊದಲ ಹಾಳೆ ಎರಡು ಪುಟದ್ದಾಗಿತ್ತು. ಪ್ರಶ್ನೆಗಳು ಮೂವತ್ತರ ಮೇಲೆ ಇದ್ದವು, ಯಾರೂ ತುಂಬಲಿಲ್ಲ. ಆಮೇಲೆ ಬರೀ ಫೋನಿನಲ್ಲಿ ಪ್ರಯತ್ನಿಸಿದೆ. "ಎರಡೂ ಕಾಲಿಗೆ ನೋವು ಇಳಿಯುತ್ತಿದೆ, ಕಾಡಾ ಈಕ್ವೈನಾ ಇರಬಹುದು" ಎಂದರೆ ಆ ಕಡೆಯವರು "ಬೆಳಿಗ್ಗೆ ಕಳಿಸಿ" ಎನ್ನುತ್ತಿದ್ದರು. ಅವರನ್ನು ದೂರುವಂತಿಲ್ಲ, ಎರಡು ರೆಫರಲ್‌ಗಳಲ್ಲಿ ಒಂದರಲ್ಲಿ ಇದೇ ವಾಕ್ಯ ಇರುತ್ತದೆ. ಆ ದಿನಗಳಲ್ಲಿ ಕೆಲವು ಕುಟುಂಬಗಳು ನಾಲ್ಕೈದು ಸಾವಿರ ಬಾಡಿಗೆ ಕೊಟ್ಟು ಹೋಗಿ, ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ವಾಪಸು ಬಂದವು. ಒಂದೆರಡು ಬಾಡಿಗೆಯನ್ನು ನಾನೇ ಭರಿಸಿದೆ.

ಈಗಿನ ಹಾಳೆ ಒಂದೇ ಪುಟ. ಅದರ ಮುಕ್ಕಾಲು ಭಾಗ ಮೂರು ಸಂಗತಿಗಳಿಗೆ ಮೀಸಲು: ಮೂತ್ರದ ಮಾತು, ಗುದದ ಸುತ್ತಲಿನ ಸೂಜಿ ಪರೀಕ್ಷೆ, ಮೂತ್ರ ಮಾಡಿದ ಮೇಲೆ ಮೂತ್ರಕೋಶದಲ್ಲಿ ಉಳಿದ ಪ್ರಮಾಣ. ಕಾಲಿನ ಶಕ್ತಿ, ರಿಫ್ಲೆಕ್ಸ್, ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ ನೋಡುವ ಎಸ್‌ಎಲ್‌ಆರ್‌ಗೆ ಕೆಳಗಿನ ನಾಲ್ಕು ಸಾಲು ಸಾಕು, ಅದನ್ನು ಎಲ್ಲರೂ ಬರೆಯುತ್ತಾರೆ.

ಮೂತ್ರದ ಬಗ್ಗೆ "ತೊಂದರೆ ಇಲ್ಲ" ಎಂದು ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. "ಕಟ್ಟಿದೆಯೇ" ಎಂದು ಕೇಳಿದರೆ ರೋಗಿ ಇಲ್ಲ ಎನ್ನುತ್ತಾನೆ, ಏಕೆಂದರೆ ಹನಿಹನಿಯಾಗಿ ಹೋಗುತ್ತಿರುತ್ತದೆ. ನಾನು ಕೇಳುವುದು ಹೀಗೆ: ಮೂತ್ರಕೋಶ ತುಂಬಿದ್ದು ಗೊತ್ತಾಗುತ್ತದೆಯೇ? ಶುರುವಾಗಲು ತಿಣುಕಬೇಕೇ? ಹೋಗುತ್ತಿರುವುದು ಅನುಭವಕ್ಕೆ ಬರುತ್ತದೆಯೇ, ಇಲ್ಲ ಶಬ್ದ ಕೇಳಿ ತಿಳಿಯಬೇಕೇ? ತೊಳೆದುಕೊಳ್ಳುವಾಗ ನೀರು ತಣ್ಣಗೆ ತಾಗುತ್ತದೆಯೇ? ಕೊನೆಯದಾಗಿ ಸರಿಯಾಗಿ ಹೋಗಿದ್ದು ಯಾವಾಗ? ಉತ್ತರವನ್ನು ರೋಗಿಯ ಮಾತಿನಲ್ಲೇ ಬರೆದು, ಪಕ್ಕದಲ್ಲಿ ಗಂಟೆ ಹಾಕುತ್ತೇನೆ. ಲೈಂಗಿಕ ಸಂವೇದನೆಯ ಬಗ್ಗೆಯೂ ಕೇಳಲೇಬೇಕು. ಹೆಂಗಸರಲ್ಲಿ ಅದನ್ನು ಯಾವ ಪ್ರಶ್ನೆಯ ಬೆನ್ನಿಗೆ ಕೇಳಿದರೆ ಮುಜುಗರವಿಲ್ಲದೆ ಉತ್ತರ ಬರುತ್ತದೆ ಎಂಬುದು ನನಗೂ ನಮ್ಮ ಸಿಸ್ಟರ್‌ಗೂ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಒಂದು ದಿನ ಒಪಿಡಿಯಲ್ಲಿ ಕುಳಿತವರಿಗೆ ತೋರಿಸುತ್ತೇನೆ.

ಸೂಜಿ ಪರೀಕ್ಷೆಗೆ ರೋಗಿಗಳು ಒಪ್ಪುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪವಾಗಿತ್ತು. ಕಾರಣ ಹೇಳಿ, ಪರದೆ ಎಳೆದು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡರೆ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಜೊತೆಗಿದ್ದವರ ಹೆಸರನ್ನೂ ಹಾಳೆಯಲ್ಲಿ ಬರೆಯಿರಿ. ಮೊದಲು ಭುಜಕ್ಕೆ ಚುಚ್ಚಿ "ಇದು ಹತ್ತು" ಎನ್ನುತ್ತೇನೆ. ಆಮೇಲೆ ಗುದದ ಸುತ್ತ ಎಸ್3, ಎಸ್4, ಎಸ್5 ನರಗಳ ಜಾಗಗಳಲ್ಲಿ ಬಲ, ಎಡ ಬೇರೆಬೇರೆಯಾಗಿ ಚುಚ್ಚಿ, ರೋಗಿ ಹೇಳಿದ ಅಂಕೆಯನ್ನು ಬರೆಯುತ್ತೇನೆ. ಸ್ವಲ್ಪ ದಿನ ಹತ್ತಿ ಮಾತ್ರ ಬಳಸಿ ನೋಡಿದೆ. ಸೂಜಿಗೆ ಮಂದವಾಗಿದ್ದ ಜಾಗದಲ್ಲೂ ಕೆಲವರು ಹತ್ತಿ ಗೊತ್ತಾಗುತ್ತದೆ ಎಂದರು, ಹಾಗಾಗಿ ಈಗ ಎರಡನ್ನೂ ಮಾಡುತ್ತೇನೆ. ಚಿತ್ರ ಕೊಟ್ಟು ರೋಗಿಯಿಂದಲೇ ಜೋಮು ಹಿಡಿದ ಜಾಗಕ್ಕೆ ಗೆರೆ ಹಾಕಿಸುವುದನ್ನೂ ಪ್ರಯತ್ನಿಸಿದೆ. ವಯಸ್ಸಾದವರಿಗೆ ಅದು ಆಗಲಿಲ್ಲ, ಬಿಟ್ಟೆ.

ಗುದದ ಬಿಗಿತವನ್ನು ಪರೀಕ್ಷಿಸಿ ಬರೆಯುತ್ತೇನೆ, ಆದರೆ ಅದರ ಮೇಲೆ ತೀರ್ಮಾನ ಮಾಡುವುದಿಲ್ಲ. ಒಬ್ಬರ ಬೆರಳಿಗೆ ಸಡಿಲವೆನಿಸಿದ್ದು ಇನ್ನೊಬ್ಬರಿಗೆ ಸರಿಯೆನಿಸುತ್ತದೆ. ಬಿಗಿತ ಸರಿಯಿದ್ದರೂ ಒಳಗೆ ನರಗಳು ಅದುಮಿಕೊಂಡಿರಬಹುದು.

ಮೂರನೆಯದಕ್ಕೆ ಅಲ್ಟ್ರಾಸೌಂಡ್ ಸಾಕು. ರೋಗಿ ಮೂತ್ರ ಮಾಡಿ ಬಂದ ಕೂಡಲೇ ಮೂತ್ರಕೋಶದ ಉದ್ದ, ಅಗಲ, ಆಳವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಗುಣಿಸಿ, 0.52ರಿಂದ ಗುಣಿಸಿದರೆ ಮಿಲಿಲೀಟರ್ ಸಿಗುತ್ತದೆ. 200 ಮಿಲಿ ದಾಟಿದರೆ ಸಂಶಯ ಬಲವಾಗುತ್ತದೆ. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ, ಹೊಸದಾಗಿ ಜೋಮು ಹಿಡಿದಿದ್ದರೆ ಸ್ಕ್ಯಾನ್ ಆಗಲೇಬೇಕು. ಟ್ರಮಡಾಲ್, ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೆ ಯಾವ ಹೊತ್ತಿಗೆ ಎಂದು ಬರೆಯಿರಿ. "ಮೂತ್ರ ಉಳಿದದ್ದು ಇಂಜೆಕ್ಷನ್‌ನಿಂದ" ಎಂಬ ವಾದಕ್ಕೆ ಉತ್ತರ ಆ ಗಂಟೆಯಲ್ಲೇ ಇರುತ್ತದೆ.

ಅನುಮಾನಪಟ್ಟವರ ಬಾಯಿ ಮುಚ್ಚಿಸಿದ್ದು ಸಿದ್ದಾಪುರದ ಕಡೆಯ ಅಡಿಕೆ ಕೊನೆ ಕೊಯ್ಯುವ ಒಬ್ಬ ಕೊನೆಗೌಡನ ಕೇಸು. ನಲವತ್ತರ ಆಸುಪಾಸಿನ ಆಳು. ಅಡಿಕೆ ಕೊನೆಯ ಹೊರೆ ಎತ್ತುವಾಗ ಸೊಂಟ ಹಿಡಿದಿತ್ತು. ಮೂರ್ನಾಲ್ಕು ದಿನದ ಬಳಿಕ ನೋವು ಎರಡೂ ಕಾಲಿಗೆ ಇಳಿಯಿತು. ಬೇರೆಡೆ ಎಕ್ಸ್‌ರೇ ತೆಗೆಸಿ "ನಾರ್ಮಲ್" ಎಂದು ಮನೆಗೆ ಕಳಿಸಿದ್ದರು. ಡಿಸ್ಕ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ನಮ್ಮಲ್ಲಿಗೆ ಬಂದದ್ದು ಸಂಜೆ ಏಳರ ಹೊತ್ತಿಗೆ. "ಬೆಳಿಗ್ಗೆಯಿಂದ ತಿಣುಕಿ ಮಾಡಬೇಕು, ಕೂತರೆ ಬಟ್ಟೆಯ ಮೇಲೆ ಬಟ್ಟೆ ಇಟ್ಟ ಹಾಗೆ" ಎಂದ. ಆ ಮಾತನ್ನು ಹಾಗೆಯೇ ಬರೆದೆ. ಸೂಜಿಗೆ ಬಲಗಡೆ ಎಸ್3ರಿಂದ ಎಸ್5ರವರೆಗೆ ಹತ್ತಕ್ಕೆ ಮೂರು, ಎಡಗಡೆ ಏಳು. ಗುದದ ಬಿಗಿತ ಸರಿಯಿತ್ತು. ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಲು ಎರಡೂ ಕಡೆ ತಡವರಿಸುತ್ತಿದ್ದ, ಹಿಮ್ಮಡಿಯ ರಿಫ್ಲೆಕ್ಸ್ ಆದ ಆಂಕಲ್ ಜರ್ಕ್ ಎರಡೂ ಕಡೆ ಇರಲಿಲ್ಲ. ಮೂತ್ರ ಮಾಡಿ ಬಂದ ಮೇಲೆ ಅಳತೆ 10, 9, 7.5, ಅಂದರೆ ಸುಮಾರು 350 ಮಿಲಿ. ಆ ದಿನ ಟ್ರಮಡಾಲ್ ಕೊಟ್ಟಿರಲಿಲ್ಲ.

ಫೋನಿನಲ್ಲಿ ರೋಗದ ಹೆಸರನ್ನು ಮೊದಲು ಹೇಳಲಿಲ್ಲ. "ಬೆಳಿಗ್ಗೆಯಿಂದ ಮೂತ್ರ ತಿಣುಕುತ್ತಿದೆ, ಗುದದ ಸುತ್ತ ಬಲಗಡೆ ಸಂವೇದನೆ ಹತ್ತಕ್ಕೆ ಮೂರು, 350 ಮಿಲಿ ಉಳಿದಿದೆ, ಇನ್ನೂ ಪೂರ್ತಿ ಕಟ್ಟಿಲ್ಲ" ಎಂದೆ. ಈ ಕೊನೆಯ ಮಾತೇ ಮುಖ್ಯ. ಪೂರ್ತಿ ಕಟ್ಟುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ಮೂತ್ರಕೋಶ ಚೇತರಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು ಎಂಬುದು ಆ ಕಡೆಯವರಿಗೂ ಗೊತ್ತು. ಹಾಳೆಯ ಫೋಟೊ ಮೊಬೈಲ್‌ನಲ್ಲಿ ಹೋಯಿತು, ರೋಗಿಯ ಹೆಸರನ್ನು ಮುಚ್ಚಿ. ಮಧ್ಯರಾತ್ರಿಯ ಒಳಗೆ ಸ್ಕ್ಯಾನ್ ಆಯಿತು. ಎಲ್5-ಎಸ್1ರಲ್ಲಿ ಡಿಸ್ಕ್ ನಡುವಿನಿಂದ ಹೊರಬಂದು ನರಗಳು ಸಾಗುವ ಬೆನ್ನುಮೂಳೆಯ ಕಾಲುವೆಯನ್ನು ಪೂರ್ತಿ ತುಂಬಿತ್ತು. ಬೆಳಗಾಗುವುದರೊಳಗೆ ಆಪರೇಷನ್ ಮುಗಿದಿತ್ತು. ಕೆಲವು ವಾರಗಳಲ್ಲಿ ಮೂತ್ರ ಸರಿಹೋಯಿತು, ಆಂಕಲ್ ಜರ್ಕ್ ಮಾತ್ರ ಮರಳಲಿಲ್ಲ.

ಹಣದ ಮಾತು. ಪೂರ್ತಿ ಲಂಬಾರ್ ಎಂಆರ್‌ಐಗೆ ನನ್ನ ನೆನಪಿನಂತೆ ಆರೇಳು ಸಾವಿರ. ಬೆನ್ನನ್ನು ಉದ್ದಕ್ಕೆ ತೋರಿಸುವ ಸ್ಯಾಜಿಟಲ್ ಟಿ2 ಮತ್ತು ಸಂಶಯವಿರುವ ಮಟ್ಟದಲ್ಲಿ ಅಡ್ಡಕ್ಕೆ ತೋರಿಸುವ ಆಕ್ಸಿಯಲ್ ಮಾತ್ರ ಸಾಕು ಎಂದು ಕೇಳಿಕೊಂಡರೆ ಅರ್ಧಕ್ಕಿಂತ ಕಡಿಮೆಗೆ ಮಾಡುವವರಿದ್ದಾರೆ, ಮಷಿನ್ ಕೂಡ ಬೇಗ ಖಾಲಿಯಾಗುತ್ತದೆ. ಆ ಮಾತುಕತೆಯನ್ನು ಹೇಗೆ ಕುದುರಿಸಿದೆ ಎಂಬುದು ನನ್ನಲ್ಲೇ ಇರಲಿ. ಕಾಲು ಬಿಗಿಯಾಗಿದ್ದು ರಿಫ್ಲೆಕ್ಸ್ ಜೋರಾಗಿದ್ದರೆ ಮಾತ್ರ ಇದು ಸಾಲದು, ಸಮಸ್ಯೆ ಮೇಲೆ ಬೆನ್ನುಹುರಿಯಲ್ಲಿರಬಹುದು. ಆಗ ಇಡೀ ಬೆನ್ನಿನ ಸ್ಯಾಜಿಟಲ್ ಬೇಕೆಂದು ಬರೆಯುತ್ತೇನೆ.

ಕಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒತ್ತಡ ಕಾಣಲಿಲ್ಲ. ಎಲ್ಲ ಕಡೆಯೂ ಹಾಗೆಯೇ, ಇದನ್ನು ದುಡ್ಡು ದಂಡ ಎಂದು ನಾನು ಒಪ್ಪುವುದಿಲ್ಲ. ಅವರು ವಾಪಸು ಬಂದಾಗ ಅದೇ ಹಾಳೆಯ ಹಿಂಭಾಗದಲ್ಲಿ ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿ ಗಂಟೆ ಸಹಿತ ಬರೆಯುತ್ತೇನೆ. ಜೋಮು ಹರಡಿದರೆ ಅಥವಾ ಮೂತ್ರ ತಿಳಿಯದೆ ಹೋದರೆ ಬೆಳಗಾಗುವವರೆಗೆ ಕಾಯದೆ ಬರಬೇಕೆಂದು ಮನೆಯವರ ಎದುರು ಹೇಳಿ, ಹೇಳಿದ್ದನ್ನೂ ಯಾರಿಗೆ ಹೇಳಿದೆ ಎಂಬುದನ್ನೂ ಬರೆದು ಸಹಿ ಹಾಕುತ್ತೇನೆ.