ಮೆರವಣಿಗೆಯ ದಿನ ರಸ್ತೆ, ಅಂಗಡಿ ಮತ್ತು ಸದ್ದು: ಹೊಸಬರಿಗೆ ಮಾರ್ಗದರ್ಶಿ

ಹೊರದೇಶದ ಹೊಸ ನಗರಕ್ಕೆ ಬಂದು ನೆಲೆಸಿದ ಕುಟುಂಬಗಳು ಮೊದಲ ವರ್ಷದಲ್ಲಿ ನಮ್ಮ ಸಂಘಕ್ಕೆ ಕರೆ ಮಾಡಿ ಕೇಳುವ ಪ್ರಶ್ನೆಗಳಲ್ಲಿ ಹಬ್ಬದ ದಿನಗಳ ಸಂಚಾರಕ್ಕೆ ಸಂಬಂಧಿಸಿದವು ಸಾಕಷ್ಟಿರುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಮುಂದೆ ಬ್ಯಾರಿಕೇಡ್ ಬಿದ್ದಿದೆ, ನಿನ್ನೆ ರಾತ್ರಿ ನಿಲ್ಲಿಸಿದ್ದ ಕಾರು ಕಾಣುತ್ತಿಲ್ಲ, ಬಸ್ಸು ಬರುತ್ತಿಲ್ಲ. ಇಂತಹ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂಬುದಕ್ಕಿಂತ, ಅದನ್ನು ಮುಂಚಿತವಾಗಿ ಹೇಗೆ ತಿಳಿದುಕೊಳ್ಳಬೇಕೆಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ. ಅಂಗಡಿಗಳ ವೇಳೆ ಮತ್ತು ಸದ್ದಿನ ವಿಷಯವೂ ಇಲ್ಲಿದೆ. ಆದರೆ ಹೆಚ್ಚಿನ ಜಾಗವನ್ನು ರಸ್ತೆಗೇ ಕೊಟ್ಟಿದ್ದೇವೆ, ಏಕೆಂದರೆ ಹೊಸಬರು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಮೆರವಣಿಗೆಯ ಸಮಯ ಬೇರೆ, ರಸ್ತೆ ಮುಚ್ಚುವ ಸಮಯ ಬೇರೆ. ಕರಪತ್ರದಲ್ಲಿ ‘ಬೆಳಿಗ್ಗೆ 11ಕ್ಕೆ ಆರಂಭ’ ಎಂದು ಅಚ್ಚಾಗಿರುವುದು ನೋಡಲು ಬರುವವರಿಗಾಗಿ. ನಿವಾಸಿಗಳಿಗೆ ಬೇಕಾದದ್ದು ನಗರಾಡಳಿತವೋ ಸಂಚಾರ ಪೊಲೀಸರೋ ಹೊರಡಿಸುವ ಸಂಚಾರ ನಿರ್ಬಂಧದ ಪ್ರಕಟಣೆ. ಅದರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವೇಳೆ ಇರುತ್ತದೆ. ಒಂದು, ವಾಹನ ನಿಲುಗಡೆ ನಿಷೇಧ. ಇದು ಹಲವು ಕಡೆ ಹಿಂದಿನ ದಿನದ ಸಂಜೆಯಿಂದಲೇ ಜಾರಿಗೆ ಬರುತ್ತದೆ. ಇನ್ನೊಂದು, ವಾಹನ ಸಂಚಾರ ನಿಷೇಧ. ಇದು ಮೆರವಣಿಗೆ ಹೊರಡುವುದಕ್ಕೆ ಕೆಲವು ಗಂಟೆ ಮೊದಲೇ ಆರಂಭವಾಗಿ, ಕೊನೆಯ ತಂಡ ದಾಟಿ, ಕಸ ಗುಡಿಸುವ ವಾಹನಗಳು ಹೋಗಿ, ಬ್ಯಾರಿಕೇಡ್‌ಗಳನ್ನು ಲಾರಿಗೆ ಏರಿಸುವ ತನಕ ಮುಂದುವರಿಯುತ್ತದೆ. ಎರಡು ಗಂಟೆಯ ಮೆರವಣಿಗೆಗೆ ರಸ್ತೆ ಹತ್ತು ಗಂಟೆ ಮುಚ್ಚಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಪ್ರಕಟಣೆ ಓದುವಾಗ ಮಾರ್ಗದ ಹೆಸರುಗಳನ್ನಷ್ಟೇ ನೋಡಿ ‘ನಮ್ಮ ಬೀದಿ ಇದರಲ್ಲಿಲ್ಲ’ ಎಂದು ನೆಮ್ಮದಿಯಾಗಬಾರದು. ನಕ್ಷೆಯ ಮೇಲೆ ಆ ಮಾರ್ಗವನ್ನು ಬೆರಳಿನಿಂದ ಗುರುತಿಸಿಕೊಂಡು, ನಿಮ್ಮ ಮನೆ ಅದರ ಯಾವ ಬದಿಗಿದೆ, ಅಲ್ಲಿಂದ ಹೊರಬರಲು ಯಾವ ರಸ್ತೆ ಉಳಿಯುತ್ತದೆ ಎಂದು ನೋಡಬೇಕು. ಮೆರವಣಿಗೆ ಒಂದು ಬಡಾವಣೆಯನ್ನು ಮೂರು ಕಡೆಯಿಂದ ಸುತ್ತಿ, ನಾಲ್ಕನೆಯ ಕಡೆ ರೈಲುಮಾರ್ಗವೋ ನದಿಯೋ ಇದ್ದರೆ, ಒಳಗಿನ ಬೀದಿಗಳೆಲ್ಲ ತೆರೆದಿದ್ದರೂ ಅಲ್ಲಿನವರು ದ್ವೀಪದಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಇನ್ನೊಂದು ಅಂಶವನ್ನು ಅನುಭವಸ್ಥರು ಮಾತ್ರ ಗಮನಿಸುತ್ತಾರೆ. ಮಾರ್ಗದ ನಡುಭಾಗಕ್ಕಿಂತ ಮೆರವಣಿಗೆ ಸೇರುವ ಜಾಗ ಮತ್ತು ಚದುರುವ ಜಾಗಗಳಲ್ಲಿ ತೊಂದರೆ ಹೆಚ್ಚು. ವಾಹನಗಳು, ಜನರೇಟರ್‌ಗಳು, ಭಾಗವಹಿಸುವವರನ್ನು ಕರೆತಂದ ಬಸ್ಸುಗಳು ಎಲ್ಲವೂ ಅಲ್ಲಿ ನಿಲ್ಲುವುದರಿಂದ, ಆ ಬೀದಿಗಳು ಎಲ್ಲಕ್ಕಿಂತ ಮೊದಲು ಮುಚ್ಚಿ ಎಲ್ಲಕ್ಕಿಂತ ಕೊನೆಗೆ ತೆರೆಯುತ್ತವೆ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದಂತಹ ಬಡಾವಣೆಯ ಒಳಗೆ ಒಂದು ಕುಟುಂಬವಿದೆ. ಊರಿಗೆ ಹಿಂದಿರುಗುವ ತಂದೆತಾಯಿಯನ್ನು ಸಂಜೆ 4 ಗಂಟೆಯ ವಿಮಾನಕ್ಕೆ ಕಳಿಸಬೇಕು. 1 ಗಂಟೆಗೆ ವಿಮಾನ ನಿಲ್ದಾಣದಲ್ಲಿರಬೇಕು. ಕಾರಿನಲ್ಲಿ ಒಂದು ಗಂಟೆಯ ದಾರಿ. ಪ್ರಕಟಣೆಯ ಪ್ರಕಾರ ನಿಲುಗಡೆ ನಿಷೇಧ ಹಿಂದಿನ ದಿನ ಸಂಜೆ 6ರಿಂದ, ಸಂಚಾರ ನಿಷೇಧ ಅಂದು ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಮೆರವಣಿಗೆ 11ಕ್ಕೆ ಹೊರಡುತ್ತದೆ. ಅದರ ಉದ್ದ ಒಂದೂವರೆ ಕಿಲೋಮೀಟರ್ ಎಂದುಕೊಳ್ಳೋಣ. ಕುಣಿತ, ವಾದ್ಯ, ನಿಲುಗಡೆಗಳ ನಡುವೆ ಅದು ಗಂಟೆಗೆ ಎರಡು ಕಿಲೋಮೀಟರ್ ಸಾಗಿದರೆ ಹೆಚ್ಚು. ಈ ಕುಟುಂಬ ರಸ್ತೆ ದಾಟಬೇಕಾದ ಜಾಗ ಆರಂಭದಿಂದ ಒಂದು ಕಿಲೋಮೀಟರ್ ದೂರದಲ್ಲಿದೆ. ಅಂದರೆ ಮೆರವಣಿಗೆಯ ತಲೆ ಅಲ್ಲಿಗೆ ಬರುವುದು 11.30ಕ್ಕೆ, ಬಾಲ ದಾಟುವುದು 12.15ಕ್ಕೆ. ಆದರೆ ಮುಂದೆ ಎಲ್ಲಿಯೋ ಒಂದು ತಂಡ ನಿಂತರೆ ಹಿಂದಿನವರೆಲ್ಲ ನಿಲ್ಲುತ್ತಾರೆ. ಹಾಗಾಗಿ ಆ ಮುಕ್ಕಾಲು ಗಂಟೆಯನ್ನು ದುಪ್ಪಟ್ಟು ಮಾಡಿ, ಮಧ್ಯಾಹ್ನ 1ರ ತನಕ ದಾಟಲಾಗದು ಎಂದು ಭಾವಿಸುವುದು ಕ್ಷೇಮ.

ಹೀಗಿರುವಾಗ ‘12 ಗಂಟೆಗೆ ಟ್ಯಾಕ್ಸಿ ಕರೆದರಾಯಿತು’ ಎಂಬ ಯೋಜನೆ ನಡೆಯುವುದಿಲ್ಲ. ಟ್ಯಾಕ್ಸಿ ಆ್ಯಪ್ ಬುಕಿಂಗನ್ನು ಸ್ವೀಕರಿಸಬಹುದು, ಆದರೆ ಚಾಲಕ ಬ್ಯಾರಿಕೇಡ್ ತನಕ ಬಂದು, ಸುತ್ತು ಹಾಕಿ, ಕೊನೆಗೆ ರದ್ದು ಮಾಡುತ್ತಾನೆ. ನಕ್ಷೆಯ ಆ್ಯಪ್‌ಗಳು ಇಂತಹ ತಾತ್ಕಾಲಿಕ ನಿರ್ಬಂಧವನ್ನು ಎಷ್ಟೋ ಸಲ ತಡವಾಗಿ ತೋರಿಸುತ್ತವೆ; ಅವುಗಳನ್ನೇ ನಂಬಿ ಹೊರಡಬಾರದು. ಈ ಕುಟುಂಬದ ಮುಂದೆ ಎರಡು ದಾರಿಗಳಿವೆ. ಸ್ವಂತ ಕಾರಿದ್ದರೆ ಹಿಂದಿನ ದಿನ ಸಂಜೆ 6ರೊಳಗೆ ಅದನ್ನು ಮಾರ್ಗದ ಆಚೆಗೆ, ವಿಮಾನ ನಿಲ್ದಾಣದ ಕಡೆಗಿರುವ ಬದಿಯಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಟ್ಯಾಕ್ಸಿಯನ್ನು ಮನೆಯ ವಿಳಾಸಕ್ಕೆ ಕರೆಯದೆ, ನಿರ್ಬಂಧಿತ ಪ್ರದೇಶದ ಹೊರಗಿನ ಒಂದು ನಿರ್ದಿಷ್ಟ ಮೂಲೆಗೆ ಕರೆಯಬೇಕು. ಎರಡರಲ್ಲಿ ಯಾವುದಾದರೂ ಸರಿ, ಸಾಮಾನು ಹೊತ್ತು ರಸ್ತೆ ದಾಟುವ ಕೆಲಸ 11 ಗಂಟೆಯೊಳಗೆ ಮುಗಿಯಬೇಕು. ಅಂದರೆ ವಿಮಾನ ನಿಲ್ದಾಣವನ್ನು ಒಂದು ಗಂಟೆ ಮೊದಲೇ ತಲುಪುತ್ತಾರೆ. ಕಾಯುವುದು ಬೇಸರದ ಕೆಲಸವೇ, ಆದರೆ ವಿಮಾನ ತಪ್ಪುವುದಿಲ್ಲ. ತಡವಾಗಿಯೇ ಹೊರಡಬೇಕಾಗಿ ಬಂದರೆ, ಪಾದಚಾರಿಗಳು ದಾಟಲೆಂದು ಗುರುತಿಸಿದ ಜಾಗಕ್ಕೆ ಹೋಗಿ ಅಲ್ಲಿನ ಸ್ವಯಂಸೇವಕರಿಗೆ ವಿಷಯ ತಿಳಿಸಬೇಕು. ಎರಡು ತಂಡಗಳ ನಡುವೆ ತೆರಪು ಸಿಕ್ಕಾಗ ಅವರು ದಾಟಿಸುತ್ತಾರೆ. ಬೇರೆ ಕಡೆ ಬ್ಯಾರಿಕೇಡ್ ಸರಿಸಿ ನುಗ್ಗುವುದು ಬೇಡ.

ಮೆಟ್ರೊ ಇದೆಯಲ್ಲ ಎಂದು ಹೇಳುವವರಿಗೆ ಒಂದು ಎಚ್ಚರಿಕೆ. ನೆಲದಡಿಯ ರೈಲು ಮೆರವಣಿಗೆಯನ್ನು ದಾಟಲು ಅತ್ಯುತ್ತಮ ಸಾಧನವೆಂಬುದು ನಿಜ. ಆದರೆ ಜನಸಂದಣಿಯ ಕಾರಣಕ್ಕೆ ಮಾರ್ಗಕ್ಕೆ ಅತಿ ಸಮೀಪದ ನಿಲ್ದಾಣವನ್ನೇ ಮುಚ್ಚುವುದೋ, ಹೊರಬರಲು ಮಾತ್ರ ಬಿಡುವುದೋ ಸಾಮಾನ್ಯ. ಆಗಸ್ಟ್ ಕೊನೆಯಲ್ಲಿ ನಡೆಯುವ ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್‌ನ ದಿನಗಳಲ್ಲಿ, ಮಾರ್ಗದ ನಡುವೆಯೇ ಇರುವ ಲ್ಯಾಡ್‌ಬ್ರೋಕ್ ಗ್ರೋವ್ ನಿಲ್ದಾಣವನ್ನು ಮುಚ್ಚುವುದು ರೂಢಿಯಾಗಿದೆ. ಆದ್ದರಿಂದ ಎರಡನೆಯ ಸಮೀಪದ ನಿಲ್ದಾಣಕ್ಕೆ ನಡೆಯಲು ಎಷ್ಟು ಹೊತ್ತು ಬೇಕೆಂದು ಮೊದಲೇ ತಿಳಿದಿರಬೇಕು.

ಕಾರಿನ ವಿಷಯದಲ್ಲಿ ಇನ್ನೊಂದು ಮಾತು. ಬೀದಿಯಲ್ಲಿ ತಾತ್ಕಾಲಿಕ ನಿಲುಗಡೆ ನಿಷೇಧದ ಫಲಕ ಕಂಡರೆ ಅದರ ದಿನಾಂಕ ಮತ್ತು ವೇಳೆ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿರಿ. ದಂಡದ ಬಗ್ಗೆ ಆಕ್ಷೇಪಣೆ ಸಲ್ಲಿಸಬೇಕಾದಾಗ ಅದೊಂದೇ ಪುರಾವೆಯಾಗಿ ಉಳಿಯಬಹುದು. ವಾರಗಟ್ಟಲೆ ಊರಿಗೆ ಹೋಗುವವರು ಕಾರನ್ನು ಬೀದಿಯಲ್ಲಿ ಬಿಟ್ಟು ಹೋಗುವಾಗ ಕೀಲಿಯನ್ನು ನಂಬಿಕಸ್ಥರ ಬಳಿ ಕೊಟ್ಟಿರುವುದು ಒಳ್ಳೆಯದು, ಏಕೆಂದರೆ ಫಲಕ ಅವರು ಹೋದ ಮೇಲೆ ಬರಬಹುದು. ಕಾರು ಕಾಣದಿದ್ದರೆ ಕಳವಾಯಿತೆಂದು ದೂರು ಕೊಡುವ ಮೊದಲು, ಅದನ್ನು ಎತ್ತಿಕೊಂಡು ಹೋಗಿ ಎಲ್ಲಿಟ್ಟಿದ್ದಾರೆಂದು ಪೊಲೀಸರನ್ನೋ ನಗರಾಡಳಿತವನ್ನೋ ವಿಚಾರಿಸಬೇಕು. ಕೆಲವು ಕಡೆ ಅದನ್ನು ಪಕ್ಕದ ಬೀದಿಯಲ್ಲಿಯೇ ನಿಲ್ಲಿಸಿರುತ್ತಾರೆ.

ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರು, ಆಮ್ಲಜನಕದ ಸಿಲಿಂಡರ್ ಬಳಸುವವರು, ತುಂಬು ಗರ್ಭಿಣಿಯರು ಇದ್ದರೆ, ಆಯೋಜಕರಿಗೂ ಸಂಚಾರ ಪೊಲೀಸರಿಗೂ ಮೊದಲೇ ಇಮೇಲ್ ಬರೆದು ವಿಳಾಸ, ಹೊರಡಬೇಕಾದ ವೇಳೆ ಮತ್ತು ಕಾರಣವನ್ನು ತಿಳಿಸಬೇಕು. ನಿವಾಸಿಗಳಿಗೆ ಪಾಸ್ ಕೊಡುವ ವ್ಯವಸ್ಥೆ ಇದ್ದರೆ ವಿಳಾಸದ ದಾಖಲೆ ಕೇಳುತ್ತಾರೆ. ಹೊಸಬರ ಗುರುತಿನ ಚೀಟಿಯಲ್ಲಿ ಹಳೆಯ ವಿಳಾಸವೇ ಇರುವುದರಿಂದ ಬಾಡಿಗೆ ಕರಾರಿನ ಪ್ರತಿ ಕೈಯಲ್ಲಿರಲಿ. ಆಂಬುಲೆನ್ಸ್ ಅನ್ನು ಯಾವ ಮೆರವಣಿಗೆಯ ದಿನವೂ ತಡೆಯುವುದಿಲ್ಲ, ಆದರೆ ಕರೆ ಮಾಡುವಾಗ ನಿಮ್ಮ ಮನೆ ಮುಚ್ಚಿದ ಮಾರ್ಗದ ಒಳಗಿದೆ ಎಂಬುದನ್ನೂ ಯಾವ ಮೂಲೆಯಿಂದ ಬರುವುದು ಸುಲಭವೆಂಬುದನ್ನೂ ಹೇಳಿದರೆ ಸಮಯ ಉಳಿಯುತ್ತದೆ.

ಅಂಗಡಿಗಳ ವಿಷಯ ಇಷ್ಟು ಜಟಿಲವಲ್ಲ, ಆದರೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹಬ್ಬದ ಹಿಂದಿನ ದಿನವೇ ವ್ಯಾಪಾರ ಜೋರಾಗಿರುವ ನಮ್ಮ ರೂಢಿಯಿಂದ ಬಂದವರಿಗೆ, ಆ ದಿನ ಮಧ್ಯಾಹ್ನವೇ ಬಾಗಿಲು ಎಳೆಯುವ ಊರುಗಳು ವಿಚಿತ್ರವೆನಿಸುತ್ತವೆ. ಜರ್ಮನಿಯಲ್ಲಿ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಂದು ಸಾಮಾನ್ಯ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು ಮತ್ತು ಸರದಿಯ ಮೇಲೆ ತೆರೆದಿರುವ ಔಷಧ ಅಂಗಡಿಗಳೇ ಆಧಾರ. ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಈಸ್ಟರ್ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಅವು ತೆರೆಯುವಂತಿಲ್ಲ. ರಜೆ ಶನಿವಾರ ಅಥವಾ ಭಾನುವಾರಕ್ಕೆ ಬಿದ್ದರೆ ಬ್ರಿಟನ್ನಿನಲ್ಲಿ ಮುಂದಿನ ಕೆಲಸದ ದಿನಕ್ಕೆ ಬದಲಿ ರಜೆ ಸಿಗುತ್ತದೆ. ಎಲ್ಲ ದೇಶಗಳಲ್ಲಿಯೂ ಹಾಗಿಲ್ಲ. ಮೆರವಣಿಗೆ ಹಾದುಹೋಗುವ ಬೀದಿಯಲ್ಲಿ ಅಂಗಡಿ ತೆರೆದಿದ್ದರೂ ಸರಕಿನ ವಾಹನ ಬರಲಾರದೆ ಹಾಲು, ಬ್ರೆಡ್ ಖಾಲಿಯಾಗುವುದುಂಟು. ನಿತ್ಯದ ಔಷಧವನ್ನು ಮಾತ್ರ ರಜೆಯ ಎರಡು ದಿನ ಮೊದಲೇ ತಂದಿಟ್ಟುಕೊಳ್ಳಬೇಕು. ಉಳಿದದ್ದಕ್ಕೆ ಹೇಗೋ ದಾರಿಯಾಗುತ್ತದೆ.

ಇನ್ನು ಸದ್ದು. ಅದೂ ಮೆರವಣಿಗೆಗಿಂತ ಮೊದಲೇ ಆರಂಭವಾಗುತ್ತದೆ. ವೇದಿಕೆ ಕಟ್ಟುವುದು, ಧ್ವನಿವರ್ಧಕದ ಪರೀಕ್ಷೆ, ಮುಗಿದ ಮೇಲೆ ನಡುರಾತ್ರಿಯಲ್ಲಿ ಕಬ್ಬಿಣದ ಸಲಾಕೆಗಳನ್ನು ಕಳಚುವುದು, ಇವುಗಳೇ ನಿದ್ದೆ ಕೆಡಿಸುವುದು ಹೆಚ್ಚು. ಕಿಟಕಿ ಮುಚ್ಚಿದರೆ ಹಾಡಿನ ಮಾತು ಮತ್ತು ಮೇಲ್ಸ್ವರ ತಗ್ಗುತ್ತವೆ. ಡೋಲು ಮತ್ತು ದೊಡ್ಡ ಸ್ಪೀಕರ್‌ಗಳ ಮಂದ್ರ ಸದ್ದು ಗೋಡೆಯನ್ನು ದಾಟಿಯೇ ಬರುತ್ತದೆ. ಹಾಗಾಗಿ ಶಿಶುಗಳನ್ನೂ ರೋಗಿಗಳನ್ನೂ ಆ ರಾತ್ರಿ ರಸ್ತೆಗೆ ವಿರುದ್ಧ ದಿಕ್ಕಿನ ಕೋಣೆಗೆ ಬದಲಾಯಿಸುವುದು, ಕಿಟಕಿಯ ಸಂದಿಗಳಿಗೆ ಬಟ್ಟೆ ತುರುಕುವುದಕ್ಕಿಂತ ಉಪಯುಕ್ತ. ಮೆರವಣಿಗೆ ನೋಡಲು ಮಕ್ಕಳನ್ನು ಕರೆದೊಯ್ಯುವವರು ಧ್ವನಿವರ್ಧಕದ ಲಾರಿಯ ಪಕ್ಕದಲ್ಲಿ ನಿಲ್ಲಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ತಾಳಬಹುದಾದರೂ, 100 ಡೆಸಿಬೆಲ್ ಸದ್ದಿಗೆ ಆ ಮಿತಿ ಸುಮಾರು 20 ನಿಮಿಷಕ್ಕೆ ಇಳಿಯುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ಪಕ್ಕದಲ್ಲಿರುವವರೊಡನೆ ಕೂಗಿಯೇ ಮಾತನಾಡಬೇಕಾಗಿದ್ದರೆ ಅಲ್ಲಿಂದ ಹಿಂದೆ ಸರಿಯುವ ಹೊತ್ತಾಗಿದೆ ಎಂದು ತಿಳಿಯಬೇಕು.

ರಾತ್ರಿಯ ಮೌನದ ಅವಧಿ ಹಲವು ದೇಶಗಳಲ್ಲಿ 10 ಗಂಟೆಗೆ ಆರಂಭವಾಗುತ್ತದೆ. ಭಾರತದಲ್ಲಿಯೂ 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಇತರೆಡೆಯೂ ಇಂತಹ ವಿನಾಯಿತಿಗಳಿರುತ್ತವೆ. ಆದ್ದರಿಂದ ದೂರು ಕೊಡುವ ಮೊದಲು ಆ ಕಾರ್ಯಕ್ರಮದ ಅನುಮತಿ ಎಷ್ಟು ಗಂಟೆಯವರೆಗಿದೆ ಎಂದು ನೋಡಬೇಕು. ಅವಧಿ ಮೀರಿದ್ದರೆ, ಸದ್ದು ನಡೆಯುತ್ತಿರುವಾಗಲೇ, ಮೊದಲು ಆಯೋಜಕರು ಪ್ರಕಟಣೆಯಲ್ಲಿ ಕೊಟ್ಟ ಸಂಖ್ಯೆಗೆ, ಅಲ್ಲಿ ಉತ್ತರ ಸಿಗದಿದ್ದರೆ ನಗರಾಡಳಿತದ ಶಬ್ದ ದೂರು ವಿಭಾಗಕ್ಕೆ ಅಥವಾ ಪೊಲೀಸರ ತುರ್ತಲ್ಲದ ಸಂಖ್ಯೆಗೆ ಕರೆ ಮಾಡಬೇಕು. ‘ಬಹಳ ಗಲಾಟೆ’ ಎಂದು ಹೇಳಿದರೆ ಕೆಲಸವಾಗುವುದಿಲ್ಲ. ಯಾವ ಬೀದಿಯ ಯಾವ ವೇದಿಕೆ, ಎಷ್ಟು ಗಂಟೆಯಿಂದ, ಎಂತಹ ಸದ್ದು, ನಿಮ್ಮ ಮನೆ ಅಲ್ಲಿಂದ ಎಷ್ಟು ದೂರ ಎಂಬುದನ್ನು ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮುಂದಿನ ವರ್ಷ ಅದೇ ಕಾರ್ಯಕ್ರಮದ ಅನುಮತಿಗೆ ಆಕ್ಷೇಪಣೆ ಆಹ್ವಾನಿಸಿದಾಗ ಆ ಸಂಖ್ಯೆಗಳನ್ನು ಅರ್ಜಿಯಲ್ಲಿ ನಮೂದಿಸಬಹುದು.