‘ಏಲೇ’ಗೆ ಕನ್ನಡದಲ್ಲಿ ಏನನ್ನೋಣ?

ತಿರುನೆಲ್ವೇಲಿ ಸೀಮೆಯ ಒಂದು ತಮಿಳು ಕಾದಂಬರಿಯನ್ನು ಕನ್ನಡಕ್ಕೆ ತರುವಾಗ ನಾನು ಮೊದಲು ಎಡವಿದ್ದು ಎರಡಕ್ಷರದ ಮಾತಿನಲ್ಲಿ. ಅಲ್ಲಿ ಗಂಡಸರು ಒಬ್ಬರನ್ನೊಬ್ಬರು ‘ಏಲೇ’ ಅಂತ ಕರೆಯುತ್ತಾರೆ. ‘ವಾಲೇ’ ಅಂದರೆ ಬಾರೋ. ಗೆಳೆಯರ ಮಧ್ಯೆ ಅದು ಸಲಿಗೆ. ಜಮೀನ್ದಾರ ವಯಸ್ಸಾದ ಆಳಿಗೆ ಅಂದರೆ ಅವಮಾನ. ನಾನು ಸುಮ್ನೆ ‘ಲೇ’ ಅಂತ ಇಟ್ಟುಬಿಟ್ಟೆ. ಧಾರವಾಡದ ಗೆಳೆಯ ಓದಿ ಏನೂ ಅನ್ನಲಿಲ್ಲ, ಅವರ ಕಡೆ ಗಂಡಸರಿಗೂ ‘ಲೇ’ ನಡೆಯುತ್ತೆ. ಮಂಡ್ಯದ ಅಕ್ಕ ಮಾತ್ರ, ‘ಇವ್ನು ಹೆಂಡ್ತೀನ ಕರೀತಾವ್ನಾ?’ ಅಂದರು.

ಹಾಗಾದರೆ ಇಡೀ ಮಾತನ್ನೇ ಧಾರವಾಡಕ್ಕೆ ತಿರುಗಿಸಿದರಾಯ್ತು ಅಂತ ಎರಡು ಅಧ್ಯಾಯ ಹಾಗೇ ಮಾಡಿದೆ. ‘ಖೋಡಿ’, ‘ನಿನ್ನ ಹೆಣಾ ಎತ್ಲಿ’ ಎಲ್ಲಾ ಬಂತು. ಓದೋಕೆ ಬಲು ಜೋರಾಗಿತ್ತು. ಆದರೆ ಖೋಡಿ ಅನ್ನುವವನು ಜೋಳದ ರೊಟ್ಟಿ ತಿನ್ನಬೇಕು, ಅಲ್ವಾ? ನನ್ನವನು ತಾಳೆಬೆಲ್ಲದ ಕಾಪಿ ಕುಡಿಯುತ್ತಾ ಕೂತಿದ್ದ. ಬೈಗುಳ ಗದಗದಲ್ಲಿ, ಬೈದವನು ತಿರುನೆಲ್ವೇಲಿಯಲ್ಲಿ. ಎರಡೂ ಅಧ್ಯಾಯ ಹೊಡೆದು ಹಾಕಿದೆ.

ಆಮೇಲೆ ಒಂದು ನೋಟ್‌ಬುಕ್ ಮಾಡಿಕೊಂಡೆ. ಪ್ರತಿ ಬೈಗುಳದ ಮುಂದೆ ಯಾರು ಯಾರಿಗೆ ಬೈದರು, ಪಕ್ಕದಲ್ಲಿ ಯಾರಿದ್ದರು, ಬೈಸಿಕೊಂಡವನು ತಿರುಗಿ ಏನಂದ ಅಂತ ಬರೆದೆ. ಬೈಗುಳದ ಅರ್ಥ ಬರೆಯಲಿಲ್ಲ. ಒಂದು ವಾರದಲ್ಲಿ ಒಂದು ವಿಷಯ ಕಾಣಿಸಿತು. ಜಮೀನ್ದಾರ ಹೊಲಸು ಮಾತು ಆಡುವುದೇ ಇಲ್ಲ. ಆಳನ್ನು ‘ಅದು’ ಅನ್ನುತ್ತಾನೆ, ಅಷ್ಟೇ. ಈ ಸೌಲಭ್ಯ ನಮ್ಮಲ್ಲೂ ಇದೆ. ‘ಬಂತಾ ಅದು?’ ಅಂದರೆ ಸಾಕು. ಆದರೆ ಕನ್ನಡದಲ್ಲಿ ಮಕ್ಕಳನ್ನೂ ಮುದ್ದಿಗೆ ‘ಅದು’ ಅನ್ನುತ್ತೇವೆ. ಮೊದಲ ಸಲ ಬರೆದಾಗ ಜಮೀನ್ದಾರ ಮೊಮ್ಮಗನನ್ನು ವಿಚಾರಿಸುತ್ತಿದ್ದಾನೆ ಅನ್ನಿಸಿಬಿಟ್ಟಿತು. ಕ್ರಿಯಾಪದ ಬದಲಿಸಿದೆ. ‘ಎಲ್ಲಿ ಮೇಯೋಕೆ ಹೋಗಿತ್ತು?’ ಅಂದಾಗ ಆಳು ದನವಾದ, ಮಾತಾಡಿದವನು ದನದ ಯಜಮಾನನಾದ. ಒಂದೇ ಒಂದು ಕೆಟ್ಟ ಪದ ಬೇಕಾಗಲಿಲ್ಲ. ಪಟ್ಟಣದಲ್ಲಿ ಓದಿದ ಅವನ ಮಗನಿಗೆ ಮಾತ್ರ ಪುಸ್ತಕದ ಕನ್ನಡ ಕೊಟ್ಟೆ. ಅವನು ‘ಯೋಗ್ಯತೆ ಇಲ್ಲದವನೇ’ ಅನ್ನುತ್ತಾನೆ, ಕೂಲಿಯವರು ಮುಸಿಮುಸಿ ನಗುತ್ತಾರೆ.

ಜಾಸ್ತಿ ಕಾಡಿದ್ದು ‘ಸೆತ್ತ ಮೂದಿ’. ಕೂಲಿ ಮಾಡುವ ತಾಯಿ ತಡವಾಗಿ ಮನೆಗೆ ಬಂದ ಮಗನಿಗೆ ಅನ್ನುವ ಮಾತು ಅದು. ಸೆತ್ತ ಅಂದರೆ ಸತ್ತ, ಮೂದಿ ಅಂದರೆ ಮೂದೇವಿ. ಮೂದೇವಿ ನಮ್ಮಲ್ಲೂ ಇದ್ದಾಳಲ್ಲ ಅಂತ ಖುಷಿಯಾಯಿತು. ಆದರೆ ಅಲ್ಲಿ ಅದು ಗಂಡುಹುಡುಗರ ಮೇಲೂ ಬೀಳುತ್ತೆ, ನಮ್ಮಲ್ಲಿ ಹೆಚ್ಚಾಗಿ ಹೆಂಗಸರ ಮೇಲೆ. ‘ಮುಂಡೇದೇ’ ನಾಲಿಗೆ ತುದಿಗೇ ಬಂತು. ಬರೆದೂ ಬಿಟ್ಟೆ. ಎರಡು ಪುಟ ಆದಮೇಲೆ ನೆನಪಾಯಿತು, ಈ ತಾಯಿಗೆ ಗಂಡ ಇಲ್ಲ. ಮುಂಡೇದು ಅಂದರೆ ಅವಳು ತನ್ನನ್ನೇ ಬೈದುಕೊಂಡ ಹಾಗೆ. ನಮ್ಮ ಹಳ್ಳಿಗಳಲ್ಲಿ ಹಾಗೆ ಅನ್ನುವ ವಿಧವೆಯರೂ ಇದ್ದಾರೆ, ನಿಜ. ಆದರೆ ಮೂಲದಲ್ಲಿ ಇಲ್ಲದ ಕಹಿ ಅದು.

ಮೂದೇವಿಯ ಕೆಲಸ ಏನು? ಮನೆಗೆ ದರಿದ್ರ ತರುವುದು. ಗಂಡಿಗೂ ಹೆಣ್ಣಿಗೂ ಒಪ್ಪುವ ಹಾಗೆ ಆ ಕೆಲಸ ಮಾಡುವವನು ನಮ್ಮಲ್ಲಿ ಶನಿ. ‘ಸೆತ್ತ’ಕ್ಕೆ ಕನ್ನಡದ ‘ಸತ್ತ’ ಪಕ್ಕದ ಮನೆಯದು. ‘ಸತ್ತ ಶನಿ’ ಅಂತ ಬರೆದೆ. ಅಂಥ ಬೈಗುಳ ನಾನು ಕನ್ನಡದಲ್ಲಿ ಕೇಳಿಲ್ಲ. ಅದೇ ಅನುಕೂಲವಾಯಿತು. ಹಳ್ಳಿಯ ಮಾತು ಅಂತ ಗೊತ್ತಾಗುತ್ತೆ, ಯಾವ ಜಿಲ್ಲೆ ಅಂತ ಗೊತ್ತಾಗಲ್ಲ.

ಆಮೇಲೆ ಇದನ್ನೇ ಹಿಡಿದು ಹೊರಟೆ. ಮನೆ ಹಾಳಾಗಲಿ ಅನ್ನುವ ಶಾಪ ಬಂದ ಕಡೆ ಹಳೇ ಮೈಸೂರಿನ ‘ಎಕ್ಕುಟ್ಟೋಗ’ ಚೆನ್ನಾಗಿ ಕೂರುತ್ತಿತ್ತು. ಎಕ್ಕದ ಗಿಡ ಅಲ್ಲೂ ಬೆಳೆಯುತ್ತೆ, ತಮಿಳಿನಲ್ಲಿ ಎರುಕ್ಕು. ಆದರೆ ಆ ಪದ ಕಿವಿಗೆ ಬಿದ್ದರೆ ಮೈಸೂರೇ ಕಾಣುತ್ತೆ. ಅದನ್ನು ಬಿಡಿಸಿ ‘ನಿನ್ನ ಮನೇಲಿ ಎಕ್ಕ ಹುಟ್ಟ’ ಅಂತ ಬರೆದೆ. ಗಿಡ ಉಳಿಯಿತು, ಮೈಸೂರು ಹೋಯಿತು.

ಜಾತಿಯ ಹೆಸರನ್ನೇ ಬೈಗುಳ ಮಾಡಿದ ಕಡೆ ಅಲ್ಲಿನ ಹೆಸರನ್ನೇ ಉಳಿಸಿದೆ. ಇಲ್ಲಿನ ಜಾತಿಯೊಂದನ್ನು ಆ ಜಾಗಕ್ಕೆ ತರುವುದು ನನಗೆ ಸರಿ ಕಾಣಲಿಲ್ಲ.

‘ಏಲೇ’ ಕಥೆ ಏನಾಯಿತು? ಬಹುತೇಕ ಕಡೆ ‘ಲೋ’ ಆಯಿತು. ತಿರುನೆಲ್ವೇಲಿಯ ಗುರುತು ಅಲ್ಲಿ ಹೋಯಿತು, ನನಗೆ ಬೇರೆ ದಾರಿ ಸಿಗಲಿಲ್ಲ. ಒಂದು ಕಡೆ ಮಾತ್ರ ಹಾಗೇ ಬಿಟ್ಟೆ. ಮದುರೆಯ ಅಂಗಡಿಯವನೊಬ್ಬ ಇವರ ಮಾತನ್ನು ಅಣಕಿಸುತ್ತಾ ‘ಏಲೇ, ವಾಲೇ’ ಅನ್ನುವ ದೃಶ್ಯ ಅದು. ಅದನ್ನು ಓದಿ ಮಂಡ್ಯದ ಅಕ್ಕ, ‘ಓ, ಅಷ್ಟು ದೂರದವ್ರಾ ಇವ್ರು’ ಅಂದರು.