ಗೋಡೆ ಪಡುವಣಕ್ಕೆ, ಬೆಂಚು ಮೂಡಣಕ್ಕೆ

ಮಡಿಕೇರಿಯ ಒಂದು ಬಡಾವಣೆಯಲ್ಲಿ 12 ಸೆಂಟ್ ಜಾಗ. ಮೂಡಣಕ್ಕೆ ರಸ್ತೆ, ಅಲ್ಲೇ ಬಸ್ ನಿಲ್ಲುವ ಜಾಗ. ಪಾರ್ಕ್ ಮಾಡಿಕೊಡಿ ಅಂದರು. ನಾನು ಮಧ್ಯದ ಸಿಲ್ವರ್ ಓಕ್ ಮರಗಳ ಕೆಳಗೆ ಆರು ಗ್ರಾನೈಟ್ ಬೆಂಚು ಹಾಕಿಸಿದೆ. ನೆರಳಿದ್ದರೆ ಜನ ಕೂರುತ್ತಾರೆ ಅನ್ನುವುದು ಬಯಲುಸೀಮೆಯ ಲೆಕ್ಕ. ಇಲ್ಲಿ ಜನವರಿ ಬೆಳಿಗ್ಗೆ ಆ ಬೆಂಚುಗಳ ಮೇಲೆ ಮಂಜಿನ ಹನಿ ಬಿಟ್ಟರೆ ಏನೂ ಇರಲಿಲ್ಲ. ವಾಕಿಂಗ್ ಬಂದ ಹಿರಿಯರೆಲ್ಲ ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕೂತಿದ್ದರು. ಯಾಕೆ ಅಂತ ಕೇಳಿದೆ. "ಇಲ್ಲಿ ಬಿಸಿಲಿದೆ ಕಣಪ್ಪ" ಅಂದರು ಒಬ್ಬರು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ. ಪಾರ್ಕಿನ ನಕ್ಷೆಯ ಪ್ರತಿಗಳನ್ನು ಹಿಡಿದು ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ, ಗಂಟೆಗೊಮ್ಮೆ, ಯಾರು ಎಲ್ಲಿದ್ದಾರೆ ಅಂತ ಚುಕ್ಕಿ ಇಟ್ಟೆ. ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ಒಂದು ಭಾನುವಾರ. ಬೆಳಿಗ್ಗೆ ಚುಕ್ಕಿಗಳೆಲ್ಲ ಬಿಸಿಲಲ್ಲಿ. ಮಧ್ಯಾಹ್ನ ಸಂತೆಯ ಚೀಲ ಇಳಿಸಿ ಬುತ್ತಿ ಬಿಚ್ಚುವವರು ನೆರಳಲ್ಲಿ. ನಾಲ್ಕಕ್ಕೆ ಶಾಲೆ ಮಕ್ಕಳು ನಡುವಿನ ಬಯಲಲ್ಲಿ, ನನ್ನ ಬೆಂಚುಗಳಿಗೆ ಡಿಕ್ಕಿ ಹೊಡೆಯುತ್ತಾ. ಏಳರ ನಂತರ ಖಾಲಿ.

ಹೀಗಾಗಿ ನಾಲ್ಕು ಬೆಂಚು ಕಿತ್ತು ಮಧ್ಯವನ್ನು ಮಕ್ಕಳಿಗೆ ಬಿಟ್ಟೆ. ಪಡುವಣ ಅಂಚಿನಲ್ಲಿ ಒಂದು ಹೆಂಚಿನ ಚಾವಡಿ ಕಟ್ಟಿಸಿದೆ. ಬೆನ್ನಿಗೆ ಗೋಡೆ, ಮುಖ ಮೂಡಣಕ್ಕೆ. ಬೆಳಗಿನ ಎಳೆ ಬಿಸಿಲು ನೇರ ಒಳಗೆ ಬರುತ್ತದೆ. ಮಧ್ಯಾಹ್ನದ ಮೇಲಿನ ಬಿಸಿಲನ್ನು ಗೋಡೆ ತಡೆಯುತ್ತದೆ. ಮಳೆಗಾಲದ ಗಾಳಿ ಬರುವುದೂ ಪಡುವಣದಿಂದಲೇ, ಅದೂ ಬೆನ್ನಿಗೇ ಹೊಡೆಯುತ್ತದೆ. ಒಂದು ಗೋಡೆಯಿಂದ ಮೂರು ಕೆಲಸ. ರಸ್ತೆಯಿಂದ ಒಳಗೆಲ್ಲ ಕಾಣುವುದರಿಂದ ಹೆಂಗಸರೂ ಧೈರ್ಯವಾಗಿ ಕೂರುತ್ತಾರೆ.

ಜುಲೈ ಮಳೆಯಲ್ಲಿ ಬೆಂಚು ಒಣಗಿಯೇ ಇತ್ತು. ನಾನು ಬೀಗಿದೆ. ಮುಂದಿನ ಏಪ್ರಿಲ್‌ನಲ್ಲಿ ಗುಡುಗು ಮಳೆ ಎದುರಿನಿಂದ ಬಂದು ಕೂತವರನ್ನೆಲ್ಲ ತೋಯಿಸಿತು. ಆ ಮಳೆಗೆ ದಿಕ್ಕು ಅಂತ ಇಲ್ಲ ನೋಡಿ. ಸೂರಿನ ಅಂಚು ನೆಲದಿಂದ 7 ಅಡಿ, ಬೆಂಚು ಒಂದೂವರೆ ಅಡಿ. 45 ಡಿಗ್ರಿಯಲ್ಲಿ ಓರೆಯಾಗಿ ಬರುವ ಮಳೆ ತಾಗಬಾರದು ಅಂದರೆ ಸೂರು ಬೆಂಚಿಗಿಂತ ಐದೂವರೆ ಅಡಿ ಮುಂದಿರಬೇಕು. ನಾನು ಬಿಟ್ಟದ್ದು ಮೂರೇ ಅಡಿ. ಬೆಂಚನ್ನು ಎರಡೂವರೆ ಅಡಿ ಹಿಂದಕ್ಕೆ, ಗೋಡೆಗೆ ಒತ್ತಿ ಹಾಕಿದೆ. ಸೂರಿನ ನೀರು ಬೀಳುವ ಕಡೆ ಜಲ್ಲಿ ತುಂಬಿಸಿದೆ, ಇಲ್ಲದಿದ್ದರೆ ಕಲ್ಲಿನ ಮೇಲೆ ಬಿದ್ದು ಕಾಲಿಗೆ ಎರಚುತ್ತದೆ. ನಡೆಯುವ ಕಡೆ ಉಳಿ ಹೊಡೆದ ಕಲ್ಲು. ಪಾಲಿಶ್ ಕಲ್ಲಿಗೆ ಪಾಚಿ ಹಿಡಿದರೆ ಬೀಳುವುದು ಗ್ಯಾರಂಟಿ.

ಎತ್ತರದ ಕಂಬದ ಬಿಳಿ ದೀಪವೂ ತಪ್ಪೇ. ಮಂಜು ಕವಿದಾಗ ಬೆಳಕೆಲ್ಲ ಮೇಲೆಯೇ ಚದುರಿ ನೆಲ ಕಾಣುತ್ತಿರಲಿಲ್ಲ. ಈಗ ಚಾವಡಿಯ ಸೂರಿನ ಕೆಳಗೆ ಹಳದಿ ದೀಪ, ದಾರಿಗೆ ಮಂಡಿ ಎತ್ತರದ ದೀಪ. ಎಂಟರವರೆಗೆ ಜನ ಇರುತ್ತಾರೆ. ಆಮೇಲೆ ಯಾರೂ ಇಲ್ಲ. ಆ ಚಳಿಗೆ ನಾನೂ ಹೋಗುವುದಿಲ್ಲ ಬಿಡಿ.